ತಲೇಲಿ ಕಾಯಿನ್ ಅಗಲ ಕೂದಲು ಹೋದ್ರೆ ಕೊಡೋ ಸ್ಟೀರಾಯ್ಡ್ ಇಂಜೆಕ್ಷನ್: ಹೇಗೆ ಕೊಡ್ತಾರೆ, ಏನಾಗುತ್ತೆ, ಎಷ್ಟು ವಾರಕ್ಕೊಂದ್ಸಲ

ನಂದು ಮೆಡಿಕಲ್ ಶಾಪು, ಹದಿನಾಲ್ಕು ವರ್ಷ ಆಯ್ತು. ಈ ಇಂಜೆಕ್ಷನ್ ವಯಲ್‌ನ ದಿನಾ ಮಾರ್ತಿದ್ದೆ, ಆದ್ರೆ ಅದು ನನ್ನ ತಲೆಗೇ ಬೀಳುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಕಟಿಂಗ್ ಶಾಪಲ್ಲಿ ಹಿಂದ್ಗಡೆ ಮೆಷಿನ್ ಹೊಡೀತಾ ಇದ್ದೋನು ಸಡನ್ನಾಗಿ ನಿಲ್ಲಿಸ್ಬಿಟ್ಟು "ಅಣ್ಣಾ, ಇಲ್ಲಿ ಹುಳ ತಿಂದೈತೆ" ಅಂದ. ಇನ್ನೊಂದು ಕನ್ನಡಿ ಹಿಡಿದು ತೋರಿಸ್ದ, ಬಲಗಡೆ ಹಿಂದೆ ಸರಿಯಾಗಿ ಮೂರು ಸೆಂಟಿಮೀಟರ್ ಅಗಲ, ಉಜ್ಜಿದ ಹಾಗೆ ನುಣ್ಣಗೆ, ಕೆಂಪಿಲ್ಲ, ತುರಿಕೆ ಇಲ್ಲ, ಹೊಟ್ಟಿಲ್ಲ.

ಹುಳ ಗಿಳ ಏನೂ ಇಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಇದಕ್ಕೆ ಅಲೋಪೇಸಿಯಾ ಏರಿಯೇಟಾ ಅಂತಾರೆ. ನಮ್ಮ ಮೈ ಕಾಯೋ ಬಿಳಿ ರಕ್ತಕಣಗಳೇ ತಪ್ಪು ತಿಳ್ಕೊಂಡು ಕೂದಲಿನ ಬುಡಕ್ಕೆ ಮುತ್ತಿಗೆ ಹಾಕೋದು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಕೂದಲ ಗಡ್ಡೆ ಸುತ್ತ ಜೇನ್ನೊಣ ಮುತ್ತಿದ ಹಾಗೇ ಕಾಣುತ್ತಂತೆ, ಡಾಕ್ಟ್ರುಗಳ ಪುಸ್ತಕದಲ್ಲೂ ಅದೇ ಹೋಲಿಕೆ ಇದೆ. ಸಮಾಧಾನದ ವಿಷ್ಯ ಅಂದ್ರೆ ಮುತ್ತಿಗೆ ಬೀಳೋದು ಕೆಳಗಿನ ಗಡ್ಡೆಗೆ, ಹೊಸ ಕೂದಲು ಹುಟ್ಟಿಸೋ ಮೂಲ ಕಣಗಳು ಸ್ವಲ್ಪ ಮೇಲೆ ಇರ್ತವೆ, ಅವು ಸಾಯಲ್ಲ. ಹಾಗಾಗಿ ಮುತ್ತಿಗೆ ತೆಗೆದ್ರೆ ಕೂದಲು ವಾಪಸ್ ಬರೋ ದಾರಿ ತೆರೆದೇ ಇರುತ್ತೆ. ಇಂಜೆಕ್ಷನ್ ಮಾಡೋ ಕೆಲ್ಸ ಇಷ್ಟೇ, ಆ ಜಾಗದಲ್ಲಿ ಮಾತ್ರ ಮುತ್ತಿಗೆ ತೆಗೆಯೋದು. ಕೂದಲು ಬೆಳೆಸೋ ಔಷಧಿ ಅಲ್ಲ ಅದು. ಈ ವ್ಯತ್ಯಾಸ ತಲೇಲಿಟ್ಕೊಳ್ಳಿ, ಮುಂದೆ ಬರೋ ಅರ್ಧ ಪ್ರಶ್ನೆಗೆ ಉತ್ರ ಇಲ್ಲೇ ಇದೆ.

ಚುಚ್ಚಿಸ್ಕೊಳ್ಳೋಕೆ ಮುಂಚೆ

ಮೊದಲ್ನೇ ಕೆಲ್ಸ, ಅದು ಅದೇನಾ ಅಂತ ಗ್ಯಾರಂಟಿ ಮಾಡ್ಕೊಳ್ಳೋದು. ಸ್ಕಿನ್ ಡಾಕ್ಟ್ರು ಡರ್ಮೋಸ್ಕೋಪ್ ಅನ್ನೋ ಲೆನ್ಸ್ ಇಟ್ಟು ನೋಡ್ತಾರೆ. ಪ್ಯಾಚಿನ ಅಂಚಲ್ಲಿ ಬುಡ ಸಣ್ಣಗಾಗಿ ತುದಿ ದಪ್ಪ ಇರೋ ಮುರಿದ ಕೂದಲು, ಆಶ್ಚರ್ಯಸೂಚಕ ಚಿಹ್ನೆ ಇರುತ್ತಲ್ಲ ಆ ಥರ, ಅದು ಸಿಕ್ಕಿದ್ರೆ ರೋಗ ಇನ್ನೂ ಚುರುಕಾಗಿದೆ ಅಂತ ಅರ್ಥ. ಮಕ್ಕಳ ತಲೇಲಿ ಹೊಟ್ಟು ಹೊಟ್ಟಾಗಿ, ಮುರಿದ ಕೂದಲಿನ ಜೊತೆ ಇದ್ರೆ ಅದು ಫಂಗಸ್ ಇರೋ ಚಾನ್ಸ್ ಜಾಸ್ತಿ, ಅದಕ್ಕೆ ಹೋಗಿ ಸ್ಟೀರಾಯ್ಡ್ ಕೊಟ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಹಾಗೇನೆ ಚರ್ಮ ಗಾಯ ಆಗಿ ಒಣಗಿದ ಹಾಗೆ, ಕೂದಲಿನ ರಂಧ್ರಾನೇ ಕಾಣದ ಹಾಗೆ ಆಗಿದ್ರೆ ಅದು ಬೇರೆ ಜಾತಿ ಕಾಯಿಲೆ, ಅಲ್ಲಿ ಲೆಕ್ಕಾನೇ ಬೇರೆ.

ಎರಡ್ನೇದು, ಎಷ್ಟು ಜಾಗ ಹೋಗಿದೆ ಅನ್ನೋದು. ಒಂದೋ ಎರಡೋ ನಾಲ್ಕೋ ಪ್ಯಾಚ್ ಇದ್ದು, ಕೆಲವು ವಾರಗಳಿಂದ ಅಲ್ಲಲ್ಲೇ ನಿಂತಿದ್ರೆ ಇಂಜೆಕ್ಷನ್ ಒಳ್ಳೆ ಆಯ್ಕೆ. ತಲೆಯ ಅರ್ಧಕ್ಕಿಂತ ಜಾಸ್ತಿ ಹೋಗಿದ್ರೆ, ಇಲ್ಲಾ ವಾರ ವಾರಕ್ಕೂ ಹೊಸ ಪ್ಯಾಚ್ ಏಳ್ತಾ ಇದ್ರೆ, ಎಷ್ಟು ಕಡೆ ಅಂತ ಚುಚ್ತೀರಾ, ಔಷಧಿ ಪ್ರಮಾಣನೂ ಮಿತಿ ಮೀರುತ್ತೆ. ಅಂಥೋರಿಗೆ ಹಚ್ಚೋ ಔಷಧಿ, ಮಾತ್ರೆ, ಈಗೀಗ ಜ್ಯಾಕ್ ಇನ್ಹಿಬಿಟರ್ ಅನ್ನೋ ಗುಂಪಿನ ಮಾತ್ರೆಗಳೂ ಇವೆ, ಅದು ಬೇರೆ ಕಥೆ.

ಇನ್ನೊಂದು ಮಾತು, ಇದನ್ನ ತುಂಬಾ ಜನ ಹೇಳಲ್ಲ. ಸಣ್ಣ ಪ್ಯಾಚು, ಹೊಸದು, ಒಂದೇ ಇದ್ರೆ ಅದರಷ್ಟಕ್ಕೆ ಅದೇ ವರ್ಷದೊಳಗೆ ತುಂಬ್ಕೊಳ್ಳೋ ಸಾಧ್ಯತೆ ಹತ್ರ ಹತ್ರ ಅರ್ಧಕ್ಕರ್ಧ. ಅಂದ್ರೆ ಎರಡು ತಿಂಗಳು ಕಾದು ನೋಡೋಣ ಅನ್ನೋದೂ ಒಂದು ಟ್ರೀಟ್‌ಮೆಂಟೇ. ಈರುಳ್ಳಿ ರಸ ಹಚ್ಚಿ ಬಂತು ಅನ್ನೋರಲ್ಲಿ ಎಷ್ಟೋ ಜನಕ್ಕೆ ಬಂದಿರೋದು ಹೀಗೇನೇ. ಗುಲಗಂಜಿ ಅರೆದು ಹಚ್ಚೋದು ಮಾತ್ರ ದಯವಿಟ್ಟು ಬೇಡ, ಆ ಬೀಜ ವಿಷ, ಸುಟ್ಟು ಬೊಬ್ಬೆ ಎದ್ದು ನನ್ನ ಅಂಗಡಿಗೆ ಮುಲಾಮು ಕೇಳ್ಕೊಂಡು ಬಂದೋರಿದ್ದಾರೆ.

ಡಾಕ್ಟ್ರಿಗೆ ಮುಚ್ಚಿಡಬಾರದ್ದು ಅಂದ್ರೆ ಶುಗರ್, ರಕ್ತ ತೆಳು ಮಾಡೋ ಮಾತ್ರೆ, ಕಣ್ಣಿನ ಗ್ಲಾಕೋಮಾ, ಬಸುರಿ ಇರೋದು, ಮತ್ತೆ ಮುಂಚೆ ಲಿಗ್ನೋಕೇನ್ ಅನ್ನೋ ಮರಗಟ್ಟಿಸೋ ಔಷಧಿ ಕೊಟ್ಟಾಗ ಅಲರ್ಜಿ ಏನಾದ್ರೂ ಆಗಿದ್ರೆ ಅದು. ಪ್ಯಾಚ್ ಮೇಲೇ ಕೀವು ಗುಳ್ಳೆ ಇದ್ರೆ ಆವತ್ತು ಚುಚ್ಚಿಸ್ಕೋಬೇಡಿ.

ವಯಲ್ ಒಳಗೆ ಇರೋದೇನು

ಔಷಧಿ ಹೆಸ್ರು ಟ್ರಯಾಮ್ಸಿನೊಲೋನ್ ಅಸಿಟೊನೈಡ್. ನಮ್ಮ ಕಡೆ ಬಹಳ ಜನ ಕೆನಾಕಾರ್ಟ್ ಅಂತಲೇ ಬ್ರ್ಯಾಂಡ್ ಹೆಸ್ರಲ್ಲಿ ಕೇಳ್ತಾರೆ. ಎರಡು ಸ್ಟ್ರೆಂತ್ ಬರುತ್ತೆ, ಒಂದು ಎಂಎಲ್‌ಗೆ 10 ಎಂಜಿ ಇರೋದು, 40 ಎಂಜಿ ಇರೋದು. ವಯಲ್‌ನ ಶೆಲ್ಫಲ್ಲಿ ಸುಮ್ನೆ ಇಟ್ರೆ ಕೆಳಗೆ ಬಿಳಿ ಗಸಿ ಕೂತು ಮೇಲೆ ತಿಳಿ ನಿಲ್ಲುತ್ತೆ, ಮಜ್ಜಿಗೆ ಇಟ್ಟ ಹಾಗೆ. ಯಾಕಂದ್ರೆ ಇದು ನೀರಲ್ಲಿ ಕರಗಿರೋ ಔಷಧಿ ಅಲ್ಲ, ಸಣ್ಣ ಸಣ್ಣ ಹರಳು ತೇಲ್ತಾ ಇರೋದು. ಆ ಹರಳು ಚರ್ಮದಲ್ಲಿ ಕೂತು ವಾರಗಟ್ಟಲೆ ನಿಧಾನಕ್ಕೆ ಕರಗ್ತಾ ಕೆಲ್ಸ ಮಾಡುತ್ತೆ, ಅದಕ್ಕೇ ದಿನಾ ಚುಚ್ಚೋದು ಬೇಡ. ಆದ್ರೆ ಇದೇ ಕಾರಣಕ್ಕೆ ಎಳೆಯೋಕೆ ಮುಂಚೆ ಚೆನ್ನಾಗಿ ಅಲ್ಲಾಡಿಸ್ಲೇಬೇಕು, ಇಲ್ಲಾಂದ್ರೆ ಒಂದು ಸಿರಿಂಜಲ್ಲಿ ಬರೀ ತಿಳಿ, ಇನ್ನೊಂದ್ರಲ್ಲಿ ಬರೀ ಗಸಿ ಬರುತ್ತೆ.

ತಲೆಗೆ ಸಾಮಾನ್ಯವಾಗಿ ಎಂಎಲ್‌ಗೆ 5 ಎಂಜಿ ಸ್ಟ್ರೆಂತ್ ಮಾಡ್ಕೋತಾರೆ, ಕೆಲವ್ರು 2.5ರಿಂದಲೇ ಶುರು ಮಾಡ್ತಾರೆ, ಹಠಮಾರಿ ಪ್ಯಾಚಿಗೆ 10ರವರೆಗೂ ಹೋಗ್ತಾರೆ. ಹುಬ್ಬು, ಗಡ್ಡಕ್ಕೆ ಚರ್ಮ ತೆಳು, ಜೊತೆಗೆ ಮುಖ ಬೇರೆ, ಅಲ್ಲಿ 2.5 ಸಾಕು. ಲೆಕ್ಕ ಸುಲಭ: 10ರ ವಯಲ್ ಆದ್ರೆ ಒಂದು ಪಾಲು ಔಷಧಿಗೆ ಒಂದು ಪಾಲು ಸಲೈನ್ ಇಲ್ಲಾ ಲಿಗ್ನೋಕೇನ್ ಬೆರೆಸಿದ್ರೆ 5 ಆಗುತ್ತೆ, ಮೂರು ಪಾಲು ಬೆರೆಸಿದ್ರೆ 2.5. ಅದೇ 40ರ ವಯಲ್ ಆದ್ರೆ 5 ಮಾಡೋಕೆ ಒಂದು ಪಾಲಿಗೆ ಏಳು ಪಾಲು ಬೇಕು. ಇಲ್ಲೇ ಎಡವೋದು. 40ನ್ನ 10 ಅಂದ್ಕೊಂಡು ಅರ್ಧಕ್ಕರ್ಧ ಬೆರೆಸಿದ್ರೆ ಎಂಎಲ್‌ಗೆ 20 ಎಂಜಿ ಆಗ್ಬಿಡುತ್ತೆ, ಬೇಕಾಗಿದ್ದಕ್ಕಿಂತ ನಾಲ್ಕು ಪಟ್ಟು. ನನ್ನ ಬಾಮೈದನಿಗೆ ಗಡ್ಡದಲ್ಲಿ ಹೀಗೇ ಏನೋ ಆಗಿದ್ದು, ಅದನ್ನ ಆಮೇಲೆ ಹೇಳ್ತೀನಿ.

ಹಾಗಾಗಿ ಡಾಕ್ಟ್ರು ಹೊರಗಡೆಯಿಂದ ತಗೊಂಡ್ಬನ್ನಿ ಅಂತ ಚೀಟಿ ಬರೆದುಕೊಟ್ರೆ ಅದ್ರಲ್ಲಿ 10 ಅಂತ ಬರೆದಿದೆಯೋ 40 ಅಂತಲೋ ನೋಡಿ ತಗೊಳ್ಳಿ. ಬರೆದಿದ್ದು ಸಿಗದೇ ಇನ್ನೊಂದು ತಗೊಂಡಿದ್ರೆ ಕೊಡುವಾಗ ಬಾಯ್ಬಿಟ್ಟು ಹೇಳಿ, "ಸರ್ ಇದು 40ರದ್ದು" ಅಂತ. ನಾಚ್ಕೋಬೇಡಿ, ಬೇಜಾರು ಮಾಡ್ಕೊಳ್ಳಲ್ಲ ಯಾರೂ. ಮತ್ತೆ ಯಾರೋ ಪರಿಚಯದ ನರ್ಸ್ ಇದ್ದಾರೆ ಅಂತ ಮನೇಲಿ ಚುಚ್ಚಿಸ್ಕೊಳ್ಳೋ ಐಡಿಯಾ ಇದ್ರೆ ಬಿಟ್ಬಿಡಿ, ಯಾಕೆ ಅಂತ ಮುಂದಿನ ಭಾಗ ಓದಿದ್ರೆ ಗೊತ್ತಾಗುತ್ತೆ.

ಚುಚ್ಚೋ ದಿನ

ತಲೆ ಸ್ನಾನ ಮಾಡ್ಕೊಂಡು ಹೋಗಿ, ಎಣ್ಣೆ ಬೇಡ. ತಿಂಡಿ ತಿಂದೇ ಹೋಗಿ, ಖಾಲಿ ಹೊಟ್ಟೇಲಿ ಹೋಗಿ ಸೂಜಿ ನೋಡ್ತಿದ್ದ ಹಾಗೆ ತಲೆ ಸುತ್ತಿ ಬಿದ್ದೋರಿದ್ದಾರೆ. ನೋವಿಗೆ ಹೆದ್ರೋರಿಗೆ ಮರಗಟ್ಟಿಸೋ ಕ್ರೀಮ್ ದಪ್ಪಕ್ಕೆ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಒಂದು ಗಂಟೆ ಬಿಡ್ತಾರೆ, ಇಲ್ಲಾ ಚುಚ್ಚೋಕೆ ಮುಂಚೆ ಐಸ್ ಇಡ್ತಾರೆ. ನಂಗೆ ಐಸೇ ಸಾಕಾಯ್ತು. ಮಕ್ಕಳಿಗೆ, ಅದ್ರಲ್ಲೂ ಹತ್ತು ವರ್ಷದ ಒಳಗಿನೋರಿಗೆ ಸಾಮಾನ್ಯವಾಗಿ ಕೊಡಲ್ಲ, ಕಾರಣ ಬೇರೇನಿಲ್ಲ, ನೋವು ತಡೆಯಲ್ಲ.

ಇನ್ಸುಲಿನ್ ಸಿರಿಂಜ್ ಥರದ ಸಣ್ಣ ಸಿರಿಂಜು, ಕೂದಲಿನಷ್ಟು ಸಣ್ಣ 30 ಗೇಜ್ ಸೂಜಿ. ಒಂದೊಂದು ಚುಚ್ಚಿಗೂ 0.1 ಎಂಎಲ್ ಇಲ್ಲಾ ಅದಕ್ಕಿಂತ ಕಮ್ಮಿ, ಒಂದು ಚುಚ್ಚಿಂದ ಇನ್ನೊಂದಕ್ಕೆ ಅರ್ಧದಿಂದ ಒಂದು ಸೆಂಟಿಮೀಟರ್ ದೂರ. ಯಾಕೆ ಇಷ್ಟು ಹತ್ರ ಅಂದ್ರೆ ಒಂದು ಚುಚ್ಚಿನ ಔಷಧಿ ಕೆಲ್ಸ ಮಾಡೋದು ಅದರ ಸುತ್ತ ಸುಮಾರು ಅರ್ಧ ಸೆಂಟಿಮೀಟರ್ ಅಗಲ ಮಾತ್ರ, ಹರಳು ಅಲ್ಲೇ ಕೂತ್ಕೊಳ್ಳುತ್ತೆ, ಹರಿದು ಹೋಗಲ್ಲ. ಪ್ಯಾಚ್ ನಡುವೆ ಒಂದೇ ಕಡೆ ಒಂದು ಎಂಎಲ್ ನುಗ್ಗಿಸಿ ಕಳಿಸಿದ್ರೆ ನಡುವೆ ಗುಳಿ ಬೀಳುತ್ತೆ, ಸುತ್ತ ಬೋಳು ಹಾಗೇ ಇರುತ್ತೆ.

ಎಲ್ಲಕ್ಕಿಂತ ಸೂಕ್ಷ್ಮ ಇರೋದು ಆಳದಲ್ಲಿ. ಕೂದಲಿನ ಗಡ್ಡೆ ಇರೋದು ಚರ್ಮ ಮುಗಿದು ಕೊಬ್ಬು ಶುರುವಾಗೋ ಗಡಿಯಲ್ಲಿ, ಮೇಲಿಂದ ಕೆಲವೇ ಮಿಲಿಮೀಟರ್. ಸರಿಯಾಗಿ ಚರ್ಮದ ಕೆಳ ಪದರಕ್ಕೆ ಹೋದ್ರೆ ಡಾಕ್ಟ್ರ ಹೆಬ್ಬೆರಳಿಗೆ ಸ್ವಲ್ಪ ತಡೆ ಸಿಗುತ್ತೆ, ಒತ್ತಿ ತಳ್ಳಬೇಕು, ಮೇಲೆ ಸಣ್ಣ ಉಬ್ಬು ಏಳುತ್ತೆ. ತೀರಾ ಮೇಲಾದ್ರೆ ಚರ್ಮ ಬೆಳ್ಳಗೆ ಗುಳ್ಳೆ ಕಟ್ಟುತ್ತೆ, ಅಲ್ಲಿ ಆಮೇಲೆ ಚರ್ಮ ಕಾಗದದಷ್ಟು ತೆಳ್ಳಗಾಗೋದು, ಬಣ್ಣ ಹೋಗೋದು ಉಂಟು. ತೀರಾ ಕೆಳಗೆ ಕೊಬ್ಬಿಗೆ ಹೋದ್ರೆ ಬೆಣ್ಣೆಗೆ ಹೋದ ಹಾಗೆ ಸಲೀಸಾಗಿ ಹೋಗುತ್ತೆ, ನೋವೂ ಕಮ್ಮಿ, ಆದ್ರೆ ಔಷಧಿ ಕೂದಲಿನ ಬುಡಕ್ಕೆ ಸಿಗದೆ ಕೊಬ್ಬನ್ನ ಕರಗಿಸಿ ಹಳ್ಳ ಮಾಡುತ್ತೆ. ಹಾಗಾಗಿ ನೋವೇ ಆಗ್ಲಿಲ್ಲ ಅಂತ ಖುಷಿ ಪಡೋಕೂ ಆಗಲ್ಲ ಇಲ್ಲಿ.

ನನ್ನ ಲೆಕ್ಕ ಹೇಳ್ತೀನಿ. ಮೂರು ಸೆಂಟಿಮೀಟರ್ ಪ್ಯಾಚ್, ಒಂದು ಸೆಂಟಿಮೀಟರ್ ಅಂತರದಲ್ಲಿ ಒಂಬತ್ತು ಚುಚ್ಚು ಬಿತ್ತು. ಒಂದೊಂದು 0.1 ಎಂಎಲ್, ಒಟ್ಟು 0.9 ಎಂಎಲ್, 5ರ ಸ್ಟ್ರೆಂತು, ಅಂದ್ರೆ ಒಳಗೆ ಹೋಗಿದ್ದು 4.5 ಎಂಜಿ. ಒಂದು ಸಿಟ್ಟಿಂಗಲ್ಲಿ ಎಲ್ಲಾ ಪ್ಯಾಚೂ ಸೇರಿ 20 ಎಂಜಿ ದಾಟಬಾರ್ದು ಅನ್ನೋದು ಸಾಮಾನ್ಯ ಲೆಕ್ಕ, ಅದರ ಮುಂದೆ ನಂದು ಕಾಲು ಭಾಗವೂ ಇಲ್ಲ. ಒಟ್ಟು ಎರಡು ನಿಮಿಷ. ಮೊದಲ ಮೂರು ಇರುವೆ ಕಚ್ಚಿದ ಹಾಗೆ, ನಾಲ್ಕನೇದು ಕಿವಿ ಹಿಂದಿನ ಕಡೆ ಬಿದ್ದಿದ್ದು ಕಣ್ಣಲ್ಲಿ ನೀರು ತರಿಸ್ತು. ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ರಕ್ತ, ಹತ್ತಿ ಒತ್ತಿದ್ರು, ನಿಂತೋಯ್ತು.

ಮುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಅಲ್ಲೇ ಕೂತಿರಿ. ಈ ಔಷಧಿಗೂ ಅಲರ್ಜಿ ಆಗೋದುಂಟು, ಬಹಳ ಅಪರೂಪ, ಆದ್ರೂ ಆಗೋದಾದ್ರೆ ಕ್ಲಿನಿಕ್ಕಲ್ಲಿ ಇರುವಾಗ್ಲೇ ಆಗ್ಲಿ. ಆವತ್ತು ಸಾಯಂಕಾಲ ಆ ಜಾಗ ಬಿಗಿದ ಹಾಗೆ, ಸ್ವಲ್ಪ ತಲೆನೋವು ಇರುತ್ತೆ, ಒಂದು ಪ್ಯಾರಾಸಿಟಮಾಲ್‌ಗೆ ಹೋಗುತ್ತೆ. ಆವತ್ತು ಉಜ್ಜೋದು, ಎಣ್ಣೆ ಮಸಾಜು, ಬಿಗಿ ಹೆಲ್ಮೆಟ್ ಬೇಡ. ಮಾರನೇ ದಿನದಿಂದ ತಲೆ ಸ್ನಾನ ಮಾಮೂಲಿ.

ಎಷ್ಟು ದಿನಕ್ಕೆ ಗೊತ್ತಾಗುತ್ತೆ, ಮತ್ತೆ ಯಾವಾಗ

ಮೊದಲ ಎರಡು ಮೂರು ವಾರ ಏನೂ ಕಾಣಲ್ಲ, ಆಗ ದಿನಾ ಬೆರಳಾಡಿಸಿ ನೋಡಿ ಹುಚ್ಚಾಗೋದು ನಾವೇ. ನಾಲ್ಕರಿಂದ ಎಂಟು ವಾರದ ನಡುವೆ ಮೊದಲ ಕೂದಲು. ಕೂದಲು ತಿಂಗಳಿಗೆ ಹೆಚ್ಚು ಕಮ್ಮಿ ಒಂದು ಸೆಂಟಿಮೀಟರ್ ಬೆಳೆಯೋದು, ಅದಕ್ಕಿಂತ ಜೋರಾಗಿ ಬಾ ಅಂದ್ರೆ ಬರಲ್ಲ. ಅದೂ ಎಲ್ಲಾ ಕಡೆ ಸಮನಾಗಿ ಬರಲ್ಲ, ಚುಚ್ಚಿದ ಜಾಗದಲ್ಲಿ ಮಾತ್ರ ಗರಿಕೆ ಹುಲ್ಲಿನ ಗುಂಪಿನ ಹಾಗೆ ಏಳುತ್ತೆ, ನಡುವೆ ಬಯಲು. ನನಗೆ ಐದನೇ ವಾರಕ್ಕೆ ಹೆಂಡ್ತಿ ಫೋನಲ್ಲಿ ಫೋಟೋ ತೆಗೆದು ತೋರಿಸಿದ್ಲು, ಒಂಬತ್ತರಲ್ಲಿ ಆರು ಕಡೆ ಗುಂಪು ಎದ್ದಿತ್ತು, ಎಣಿಸಬಹುದಿತ್ತು. ಎಲ್ಲಾ ಬಿಳಿ! "ಮುದುಕ ಆಗ್ಬಿಟ್ರಿ" ಅಂತ ನಕ್ಕಳು. ಅದು ಮಾಮೂಲಿ, ಮೊದಲು ಬರೋ ಕೂದಲಿಗೆ ಬಣ್ಣ ಇರಲ್ಲ ಅಥವಾ ನವಿರಾಗಿರುತ್ತೆ, ಬಹಳ ಜನಕ್ಕೆ ಆಮೇಲೆ ಕಪ್ಪಾಗುತ್ತೆ, ನಂಗೂ ಆಯ್ತು.

ರಿಪೀಟ್ ಮಾಡೋ ಅಂತರ ನಾಲ್ಕರಿಂದ ಆರು ವಾರ. ಬೇಗ ಬರ್ಲಿ ಅಂತ ಎರಡು ವಾರಕ್ಕೇ ಹೋಗಿ ಚುಚ್ಚಿಸ್ಕೊಂಡ್ರೆ ಹಳೇ ಹರಳು ಇನ್ನೂ ಕರಗಿರಲ್ಲ, ಅದರ ಮೇಲೇ ಹೊಸದು ಪೇರಿಸಿದ ಹಾಗಾಗಿ ಗುಳಿ ಬೀಳೋ ಚಾನ್ಸ್ ಜಾಸ್ತಿ. ಪ್ರತೀ ಸಲ ಪೂರ್ತಿ ಪ್ಯಾಚ್ ಚುಚ್ಚೋದೂ ಅಲ್ಲ, ಎಲ್ಲಿ ಬಂದಿಲ್ವೋ ಅಲ್ಲಿ ಮಾತ್ರ. ನಂದು ಎರಡನೇ ಸಿಟ್ಟಿಂಗ್ ಐದು ವಾರಕ್ಕೆ, ಆರು ಚುಚ್ಚು, ಗುಂಪುಗಳ ನಡುವಿನ ಬಯಲಿಗೆ. ಮೂರನೇದು ಇನ್ನೂ ಐದು ವಾರ ಬಿಟ್ಟು, ನಾಲ್ಕು ಚುಚ್ಚು. ನಾಲ್ಕನೇ ಸಲ ಹೋದಾಗ ಡಾಕ್ಟ್ರು ಲೆನ್ಸ್ ಇಟ್ಟು ನೋಡಿ ಅಂಚಲ್ಲಿ ಎರಡು ಚುಚ್ಚಿ ಇನ್ನು ಬರಬೇಡಿ ಅಂದ್ರು. ಗಟ್ಟಿಯಾಗ್ಲಿ ಅಂತ ಇನ್ನೊಂದು ಹಾಕಿ ಅಂತ ನಾನೇ ಕೇಳ್ದೆ, ಬಂದ ಮೇಲೆ ಹಾಕಿದ್ರೆ ಲಾಭ ಇಲ್ಲ, ನಷ್ಟ ಮಾತ್ರ ಅಂದ್ರು.

ಬರದೇ ಇದ್ರೆ? ಮೂರ್ನಾಲ್ಕು ಸಿಟ್ಟಿಂಗ್ ಆಗಿ, ಹೆಚ್ಚಂದ್ರೆ ಆರು ತಿಂಗಳು ಕಳೆದು, ಒಂದು ಗುಂಪೂ ಏಳಲಿಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಹತ್ತು ಹಾಕಿಸಿದ್ರೆ ಬರುತ್ತೆ ಅನ್ನೋ ಆಸೆಗೆ ದುಡ್ಡೂ ಹೋಗುತ್ತೆ ಚರ್ಮಾನೂ ಹೋಗುತ್ತೆ. ನಿಲ್ಲಿಸೋಕೆ ಮುಂಚೆ ಎರಡು ವಿಷ್ಯ ಡಾಕ್ಟ್ರನ್ನ ಕೇಳಿ, ಸ್ಟ್ರೆಂತ್ ಎಷ್ಟಿತ್ತು, ಮತ್ತೆ ಕಾಯಿಲೆ ಇದೇ ಹೌದಾ. ಕೆಲವೊಮ್ಮೆ ಉತ್ರ ಅಲ್ಲೇ ಸಿಗುತ್ತೆ.

ಗುಳಿ, ಶುಗರ್, ಇತ್ಯಾದಿ

ಈಗ ಬಾಮೈದನ ಕಥೆ. ಗಡ್ಡದಲ್ಲಿ ಎಂಟಾಣೆ ಅಗಲ ಪ್ಯಾಚು, ಮದುವೆ ಮಾತುಕತೆ ಬೇರೆ ನಡೀತಿತ್ತು, ಅವಸರ. ಯಾವುದೋ ಒಂದು ಕ್ಲಿನಿಕ್ಕಲ್ಲಿ ಒಂದೇ ಸಲಕ್ಕೆ ಎರಡೇ ಚುಚ್ಚಲ್ಲಿ ಮುಗಿಸಿ ಕಳ್ಸಿದ್ರು, ವಯಲ್ 40ರದ್ದು ಅಂತ ಆಮೇಲೆ ಬಿಲ್ ನೋಡಿ ನನಗೆ ಗೊತ್ತಾಗಿದ್ದು, ಎಷ್ಟು ಬೆರೆಸಿದ್ರೋ ಅವನಿಗೇ ಗೊತ್ತಿಲ್ಲ. ಮೂರು ವಾರಕ್ಕೆ ಕೆನ್ನೆ ಮೇಲೆ ಬೆರಳಿಟ್ಟು ಒತ್ತಿ ತೆಗೆದ ಹಾಗೆ ಹಳ್ಳ, ಮೇಲಿನ ಚರ್ಮ ಹೊಳೀತಾ ಇತ್ತು, ಸಣ್ಣ ಸಣ್ಣ ಕೆಂಪು ನರ ಕಾಣ್ತಿತ್ತು, ಸುತ್ತ ಬಣ್ಣ ತೆಳುವಾಗಿತ್ತು. ಸ್ಟೀರಾಯ್ಡಿಂದ ಆಗೋ ಮುಖ್ಯ ತೊಂದ್ರೆ ಇದೇ, ಇವೆಲ್ಲಾ ಸೇರಿ.

ಇದನ್ನ ಬೇಗ ಹಿಡಿಯೋದು ಹೇಗೆ ಅಂದ್ರೆ, ಲೈಟ್ ಪಕ್ಕದಿಂದ ಬೀಳೋ ಹಾಗೆ ನಿಂತ್ಕೊಂಡು ನೋಡಿ, ನೆರಳು ಬೀಳುತ್ತೆ. ತಲೇಲಾದ್ರೆ ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತೆ. ಒಂದು ಗಮನಿಸಿ, ಇಂಜೆಕ್ಷನ್ ಇಲ್ದೇನೂ ಈ ಕಾಯಿಲೆ ಪ್ಯಾಚ್ ಸುತ್ತಲಿನದಕ್ಕಿಂತ ಚೂರು ತಗ್ಗಾಗಿ ಕಾಣಬಹುದು, ಕೂದಲಿನ ಬುಡ ಇಲ್ದೇ ಇರೋದ್ರಿಂದ. ಅದಕ್ಕೇ ಮೊದಲ ಚುಚ್ಚಿಗೆ ಮುಂಚೆ ಒಂದು ಫೋಟೋ ಇರ್ಬೇಕು. ಗುಳಿ ಬಿದ್ದಿದ್ದು ಖಚಿತ ಅಂದ್ರೆ ಆ ಜಾಗಕ್ಕೆ ಮತ್ತೆ ಸೂಜಿ ಬೇಡ, ಕೂದಲು ಬಂದಿಲ್ಲ ಅಂದ್ರೂ ಬೇಡ. ಬಹಳಷ್ಟು ಗುಳಿ ತಿಂಗಳುಗಳ ಮೇಲೆ ತಾನೇ ತುಂಬ್ಕೊಳ್ಳುತ್ತೆ. ಬಾಮೈದಂದು ಹತ್ರ ಹತ್ರ ಒಂಬತ್ತು ತಿಂಗಳು ತಗೊಳ್ತು, ಮದುವೆ ಫೋಟೋದಲ್ಲೆಲ್ಲಾ ಎಡ ಕೆನ್ನೆ ತೋರಿಸ್ಕೊಂಡು ನಿಂತಿದ್ದಾನೆ. ಇಷ್ಟಾದ್ರೂ ಕೂದಲು ಮಾತ್ರ ಬಂತು, ಹಳ್ಳದ ಅಂಚಿಂದ.

ಮೈಗೆಲ್ಲಾ ಹೋಗಿ ಆಗೋ ತೊಂದ್ರೆ ಈ ಪ್ರಮಾಣದಲ್ಲಿ ಕಮ್ಮಿ, ಆದ್ರೆ ಸೊನ್ನೆ ಅಲ್ಲ. ಶುಗರ್ ಇರೋರಿಗೆ ಕೆಲವು ದಿನ ರೀಡಿಂಗ್ ಮೇಲೆ ಹೋಗಬಹುದು, ಒಂದು ವಾರ ಮನೇಲೇ ಚೆಕ್ ಮಾಡ್ಕೊಳ್ಳಿ. ಹೆಣ್ಮಕ್ಕಳಿಗೆ ಆ ತಿಂಗಳ ಮುಟ್ಟು ಹಿಂದೆ ಮುಂದೆ ಆಗೋದುಂಟು, ಇದನ್ನ ಮೊದ್ಲೇ ಹೇಳದೇ ಇದ್ರೆ ಗಾಬ್ರಿ ಆಗ್ತಾರೆ, ನನ್ನ ಅಂಗಡಿಗೆ ಬಂದು ಪಿಸುಮಾತಲ್ಲಿ ಕೇಳಿದೋರಿದ್ದಾರೆ. ಒಂದೆರಡು ದಿನ ಮುಖ ಕೆಂಪಗೆ ಬಿಸಿಯಾಗೋದು ಕೆಲವ್ರಿಗೆ. ಜಾಸ್ತಿ ಡೋಸು, ಪದೇ ಪದೇ, ಬಹಳ ಕಾಲ ಆದ್ರೆ ಮಾತ್ರ ಮೈಯೊಳಗಿನ ಸ್ಟೀರಾಯ್ಡ್ ಗ್ರಂಥಿ ಸೋಮಾರಿಯಾಗೋ ಅಪಾಯ. ಹುಬ್ಬಿಗೆ ಹಾಕಿಸ್ಕೊಳ್ಳೋರು ಮಾತ್ರ ಕಣ್ಣಿನ ವಿಷ್ಯದಲ್ಲಿ ಹುಷಾರು, ಪದೇ ಪದೇ ಹಾಕಿಸಿದ್ರೆ ಕಣ್ಣಿನ ಪ್ರೆಶರ್ರು, ಪೊರೆ ಚೆಕ್ ಮಾಡಿಸಬೇಕು, ಹಾಕುವಾಗ ಇಲ್ಲಾ ಹಾಕಿದ ತಕ್ಷಣ ದೃಷ್ಟಿ ಮಂಜಾದ್ರೆ ಅದು ಎಮರ್ಜೆನ್ಸಿ. ಚುಚ್ಚಿದ ಜಾಗ ಎರಡು ಮೂರು ದಿನ ಆದ್ಮೇಲೆ ಕೆಂಪಾಗಿ ಬಿಸಿಯಾಗಿ ಕೀವು ತುಂಬಿದ್ರೆ ತೋರಿಸಿ, ಅರಿಶಿನ ಹಚ್ಚಿ ಕೂರಬೇಡಿ.

ಹೊಸ ಪ್ಯಾಚ್ ಬಂದ್ರೆ

ಇಂಜೆಕ್ಷನ್ ಹಾಕಿದ ಕಡೆ ಬಿಟ್ಟು ಬೇರೆ ಕಡೆ ಬರೋದನ್ನ ಇದು ತಡೆಯಲ್ಲ. ಆಗ ಹೇಳಿದ್ನಲ್ಲ, ಆ ಜಾಗದ ಮುತ್ತಿಗೆ ಮಾತ್ರ. ಹಾಗಾಗಿ ಹೊಸದು ಎದ್ರೆ ಇಂಜೆಕ್ಷನ್ ಫೇಲ್ ಆಯ್ತು ಅಂತಲ್ಲ, ಇಂಜೆಕ್ಷನ್ನಿಂದಲೇ ಹರಡ್ತು ಅಂತಲೂ ಅಲ್ಲ. ಬಂದ ಕೂದಲೇ ಮತ್ತೆ ಉದುರೋದೂ ಉಂಟು, ತಿಂಗಳಿಗೋ ವರ್ಷಕ್ಕೋ.

ನಾನು ಮಾಡೋದು ಇಷ್ಟು. ತಿಂಗಳ ಮೊದಲ ಭಾನುವಾರ ಕಿಟಕಿ ಪಕ್ಕ ಕೂತು, ಪ್ಯಾಚ್ ಪಕ್ಕ ಐದು ರೂಪಾಯಿ ಕಾಯಿನ್ ಹಿಡಿಸಿ ಹೆಂಡ್ತಿ ಹತ್ರ ಫೋಟೋ. ಕಾಯಿನ್ ಇದ್ರೆ ದೊಡ್ಡದಾಯ್ತಾ ಚಿಕ್ಕದಾಯ್ತಾ ಅಂತ ಜಗಳ ಇಲ್ಲ. ಆಮೇಲೆ ಅಂಚಿನ ನಲವತ್ತು ಐವತ್ತು ಕೂದಲನ್ನ ಒಟ್ಟಿಗೆ ಹಿಡಿದು ಮೆತ್ತಗೆ ಎಳೆಯೋದು, ನಾಲ್ಕೈದಕ್ಕಿಂತ ಜಾಸ್ತಿ ಸಲೀಸಾಗಿ ಕೈಗೆ ಬಂದ್ರೆ ಅಂಚು ಇನ್ನೂ ಹರಡ್ತಾ ಇದೆ ಅಂತ.

ಮೊದಲ್ನೇದು ಮುಗಿದು ಏಳು ತಿಂಗಳಿಗೆ ಎಡಗಿವಿ ಮೇಲೆ ಇನ್ನೊಂದು ಬಂತು, ಕಾಯಿನ್‌ಗಿಂತ ಚಿಕ್ಕದು. ಸಿರಿಂಜ್ ವಯಲ್ ಎಲ್ಲಾ ಜೇಬಲ್ಲಿಟ್ಕೊಂಡೇ ಹೋಗಿದ್ದೆ. ಡಾಕ್ಟ್ರು ಎಳೆದು ನೋಡಿದ್ರು, ಒಂದು ಕೂದಲೂ ಬರಲಿಲ್ಲ. ವಯಲ್ ವಾಪಸ್ ಅಂಗಡೀಲಿಡಿ, ಎರಡು ತಿಂಗಳು ಬಿಟ್ಟು ಬನ್ನಿ ಅಂದ್ರು. ಆರು ವಾರ ಆಯ್ತು. ಹೋದ ಭಾನುವಾರದ ಫೋಟೋದಲ್ಲಿ ನಡುವೆ ಮೂರ್ನಾಲ್ಕು ಬಿಳಿ ಎಳೆ ಕಾಣ್ತಿವೆ.